ಚಿಕ್ಕ ಪೊಟ್ಟಣ ನಾಲ್ಕು ಕೊಂಡರೆ ಅಗ್ಗ, ದೊಡ್ಡದು ಒಂದು ಕೊಂಡರೆ ದುಬಾರಿ: ಚಹಾಪುಡಿ ಬೆಲೆಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಹೆಚ್ಚು ಕೊಂಡರೆ ಅಗ್ಗ ಎಂಬುದು ಕಿರಾಣಿ ಅಂಗಡಿಯ ಹಳೆಯ ನಂಬಿಕೆ. ತಿಂಗಳ ಸಾಮಾನು ತರುವಾಗ ಬಹುತೇಕ ಮನೆಗಳು ಚಹಾಪುಡಿಯ ಅರ್ಧ ಕಿಲೋ ಅಥವಾ ಒಂದು ಕಿಲೋ ಪ್ಯಾಕ್ ಆರಿಸುವುದು ಇದೇ ಕಾರಣಕ್ಕೆ. ಆದರೆ ಕಚ್ಚಾ ಮಾಲಿನ ಬೆಲೆ ದಿಢೀರ್ ಏರಿದಾಗ ಈ ನಂಬಿಕೆ ಸುಳ್ಳಾಗುವುದುಂಟು. ಹತ್ತು ರೂಪಾಯಿಯ ನಾಲ್ಕು ಪೊಟ್ಟಣಗಳ ಬೆಲೆ, ಅಷ್ಟೇ ತೂಕದ ಒಂದು ಪ್ಯಾಕ್‌ಗಿಂತ ಕಡಿಮೆಯಾಗಿಬಿಡುತ್ತದೆ. ಇದು ಗ್ರಾಹಕರಿಗೆ ಸಿಕ್ಕ ರಿಯಾಯಿತಿಯಂತೆ ಕಂಡರೂ, ಹೆಚ್ಚಿನ ಸಲ ಕಂಪನಿಯ ಬೆಲೆ ಲೆಕ್ಕ ಎಡವಿದ್ದರ ಗುರುತು.

ಚಹಾ ಮಾರುಕಟ್ಟೆ ಇಂಥ ಒತ್ತಡವನ್ನು ಇತ್ತೀಚೆಗೆ ಕಂಡಿದೆ. 2023ರಲ್ಲಿ ಸುಮಾರು 139 ಕೋಟಿ ಕಿಲೋ ಇದ್ದ ದೇಶದ ಚಹಾ ಉತ್ಪಾದನೆ 2024ರಲ್ಲಿ ಸುಮಾರು 128 ಕೋಟಿ ಕಿಲೋಗೆ ಇಳಿಯಿತು. ಅಸ್ಸಾಂನಲ್ಲಿ ಬಿಸಿಲು ಮತ್ತು ಪ್ರವಾಹ ಬೆಳೆಗೆ ಪೆಟ್ಟು ಕೊಟ್ಟವು. ಉತ್ತರ ಭಾರತದ ತೋಟಗಳಲ್ಲಿ ಎಲೆ ಕೀಳುವುದನ್ನು ಆ ವರ್ಷ ನವೆಂಬರ್ ಅಂತ್ಯಕ್ಕೇ ನಿಲ್ಲಿಸುವಂತೆ ಚಹಾ ಮಂಡಳಿ ಸೂಚಿಸಿತ್ತು. ಹರಾಜಿನಲ್ಲಿ ದರ ಏರಿತು, ಬ್ರ್ಯಾಂಡೆಡ್ ಚಹಾದ ಬೆಲೆಯೂ ಏರಿತು. ಆದರೆ ಎಲ್ಲ ಪ್ಯಾಕ್‌ಗಳ ಬೆಲೆಯನ್ನೂ ಒಂದೇ ರೀತಿಯಲ್ಲಿ ಏರಿಸಲು ಬರುವುದಿಲ್ಲ. ತೊಡಕು ಶುರುವಾಗುವುದೇ ಇಲ್ಲಿ.

ಮೆಟ್ಟಿಲು ಹೇಗಿರುತ್ತದೆ?

ಒಂದೇ ಚಹಾವನ್ನು ಐದಾರು ಗಾತ್ರಗಳಲ್ಲಿ ಮಾರುವಾಗ, ಗಾತ್ರ ದೊಡ್ಡದಾದಂತೆ ಪ್ರತಿ ಗ್ರಾಂ ದರ ಸ್ವಲ್ಪ ಸ್ವಲ್ಪವೇ ಇಳಿಯುವಂತೆ ಬೆಲೆ ಕಟ್ಟುತ್ತಾರೆ. ಇದೇ ಬೆಲೆಯ ಮೆಟ್ಟಿಲು. ಲೆಕ್ಕ ಅರ್ಥವಾಗಲು ಒಂದು ಕಾಲ್ಪನಿಕ ಬ್ರ್ಯಾಂಡ್ ತೆಗೆದುಕೊಳ್ಳಬಹುದು. ಅದರ 10 ರೂಪಾಯಿ ಪೊಟ್ಟಣದಲ್ಲಿ 25 ಗ್ರಾಂ ಚಹಾಪುಡಿ ಇದೆ, ಅಂದರೆ ಗ್ರಾಂಗೆ 40 ಪೈಸೆ. 100 ಗ್ರಾಂಗೆ 38 ರೂಪಾಯಿ, 250 ಗ್ರಾಂಗೆ 90, ಅರ್ಧ ಕಿಲೋಗೆ 170, ಒಂದು ಕಿಲೋಗೆ 320 ರೂಪಾಯಿ. ಗ್ರಾಂ ಲೆಕ್ಕದಲ್ಲಿ ಇದು 40, 38, 36, 34, 32 ಪೈಸೆ. ಪ್ರತಿ ಮೆಟ್ಟಿಲಿಗೂ ಎರಡು ಪೈಸೆ ಇಳಿಕೆ.

ಈ ಇಳಿಕೆಯನ್ನು ಕಂಪನಿ ದಾನವಾಗಿ ಕೊಡುವುದಿಲ್ಲ. 250 ಗ್ರಾಂ ಚಹಾವನ್ನು ಹತ್ತು ಪೊಟ್ಟಣಗಳಲ್ಲಿ ತುಂಬಲು ಹತ್ತು ಸಲ ಸೀಲ್ ಮಾಡಬೇಕು, ಹೆಚ್ಚು ಪ್ಲಾಸ್ಟಿಕ್ ಹಾಳೆ ಬೇಕು, ಯಂತ್ರವೂ ಹೆಚ್ಚು ಹೊತ್ತು ಓಡಬೇಕು. ಅದೇ ಚಹಾವನ್ನು ಒಂದೇ ಪ್ಯಾಕ್‌ನಲ್ಲಿ ತುಂಬಿದರೆ ಖರ್ಚು ಅರ್ಧಕ್ಕೆ ಇಳಿಯಬಹುದು. ಆ ಉಳಿತಾಯದ ಒಂದು ಪಾಲು ಗ್ರಾಹಕರಿಗೆ ಹೋಗುತ್ತದೆ. ದೊಡ್ಡ ಪ್ಯಾಕ್ ಮನೆಗೆ ಹೋದರೆ ಆ ಮನೆ ಒಂದು ತಿಂಗಳ ಕಾಲ ಬೇರೆ ಬ್ರ್ಯಾಂಡ್ ಕಡೆ ನೋಡುವುದಿಲ್ಲ ಎಂಬುದೂ ಕಂಪನಿಗೆ ಲಾಭ.

ಹತ್ತು ರೂಪಾಯಿಯ ಕಟ್ಟು

ಈಗ ಚಹಾದ ಬೆಲೆ ಕಿಲೋಗೆ 200ರಿಂದ 240 ರೂಪಾಯಿಗೆ ಏರಿತು ಎಂದುಕೊಳ್ಳಿ. 250 ಗ್ರಾಂ ಪ್ಯಾಕ್‌ನ ಬೆಲೆಯನ್ನು 90ರಿಂದ 100ಕ್ಕೆ ಏರಿಸುವುದು ಕಷ್ಟವಲ್ಲ. ಆದರೆ 10 ರೂಪಾಯಿ ಪೊಟ್ಟಣವನ್ನು 11 ಮಾಡಲಾಗದು. ಗಿರಾಕಿ ತರುವುದು ಒಂದೇ ನೋಟು ಅಥವಾ ನಾಣ್ಯ, ಅಂಗಡಿಯವರಿಗೂ ಚಿಲ್ಲರೆಯ ತಾಪತ್ರಯ. ಹಾಗಾಗಿ 5 ಮತ್ತು 10 ರೂಪಾಯಿಯ ಪೊಟ್ಟಣಗಳಲ್ಲಿ ಬೆಲೆ ಕದಲುವುದಿಲ್ಲ, ತೂಕ ಬದಲಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್, ಶಾಂಪೂ ಮುಂತಾದವುಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗಲೂ ಇದೇ ಪ್ರಶ್ನೆ ತಿರುವುಮುರುವಾಗಿ ಎದ್ದಿತ್ತು: ಐದು ರೂಪಾಯಿ ಬಿಸ್ಕತ್ತಿನ ಬೆಲೆಯನ್ನು ಬಿಡಿ ಪೈಸೆಗಳಲ್ಲಿ ಇಳಿಸುವುದೋ, ತೂಕ ಹೆಚ್ಚಿಸುವುದೋ ಎಂದು. ಚಹಾಪುಡಿ ಮತ್ತು ಮಸಾಲೆ ಮೊದಲೇ ಶೇ 5ರಲ್ಲಿ ಇದ್ದುದರಿಂದ ಅವುಗಳ ಬೆಲೆಯನ್ನು ಕುಣಿಸುವುದು ತೆರಿಗೆಗಿಂತ ಹೆಚ್ಚಾಗಿ ಕಚ್ಚಾ ಮಾಲು.

ನಮ್ಮ ಕಾಲ್ಪನಿಕ ಕಂಪನಿ ಎಡವುವುದು ಇಲ್ಲೇ. ತೂಕ ಇಳಿಸಿದರೆ ಎದುರಾಳಿ ಬ್ರ್ಯಾಂಡ್‌ಗೆ ಗಿರಾಕಿ ಹೋದಾರು ಎಂಬ ಭಯದಿಂದ ಅದು 10 ರೂಪಾಯಿ ಪೊಟ್ಟಣವನ್ನು 25 ಗ್ರಾಂನಲ್ಲೇ ಬಿಡುತ್ತದೆ. ಉಳಿದ ಪ್ಯಾಕ್‌ಗಳಿಗೆ ಮಾತ್ರ ಗ್ರಾಂಗೆ ನಾಲ್ಕು ಪೈಸೆ ಸೇರಿಸುತ್ತದೆ. 100 ಗ್ರಾಂ 42 ರೂಪಾಯಿ ಆಗುತ್ತದೆ, 250 ಗ್ರಾಂ 100, ಅರ್ಧ ಕಿಲೋ 190, ಒಂದು ಕಿಲೋ 360.

ಅಲ್ಲಿಗೆ ಮೆಟ್ಟಿಲು ಮುರಿಯಿತು. 100 ಗ್ರಾಂ ಪ್ಯಾಕ್ 42 ರೂಪಾಯಿ, ನಾಲ್ಕು ಚಿಕ್ಕ ಪೊಟ್ಟಣ 40 ರೂಪಾಯಿ. 250 ಗ್ರಾಂ ಪ್ಯಾಕ್ 100 ರೂಪಾಯಿ, ಹತ್ತು ಚಿಕ್ಕ ಪೊಟ್ಟಣವೂ 100 ರೂಪಾಯಿ. ಮಧ್ಯದ ಎರಡು ಮೆಟ್ಟಿಲು ಹತ್ತಲು ಯಾರಿಗೂ ಕಾರಣವೇ ಉಳಿಯಲಿಲ್ಲ.

ಕಂಪನಿಗೆ ಇದರ ನಷ್ಟ ಎಷ್ಟು? 100 ರೂಪಾಯಿಯಲ್ಲಿ ಜಿಎಸ್‌ಟಿ ಸುಮಾರು 5 ರೂಪಾಯಿ. ಅಂಗಡಿ ಮತ್ತು ವಿತರಕರ ಪಾಲು 16 ಎಂದಿಟ್ಟುಕೊಂಡರೆ ಕಂಪನಿಗೆ ಬರುವುದು 79. ಅದರಲ್ಲಿ ಚಹಾಗೆ 60 ಹೋಗುತ್ತದೆ. 250 ಗ್ರಾಂ ಪ್ಯಾಕ್ ತುಂಬಲು 3 ರೂಪಾಯಿ ತಗಲಿದರೆ 16 ಉಳಿಯುತ್ತದೆ. ಅದೇ ಚಹಾ ಹತ್ತು ಪೊಟ್ಟಣಗಳಲ್ಲಿ ಹೋಗಿ, ಒಂದೊಂದಕ್ಕೆ 60 ಪೈಸೆ ತಗಲಿದರೆ ಉಳಿಯುವುದು 13. ಗಿರಾಕಿಗಳು ಕೆಳಗಿನ ಮೆಟ್ಟಿಲಿಗೆ ಇಳಿದಷ್ಟೂ, ಮಾರಾಟದ ತೂಕ ಅಷ್ಟೇ ಇದ್ದರೂ ಲಾಭ ಕರಗುತ್ತದೆ. ತಿಂಗಳ ಒಟ್ಟು ಮಾರಾಟದ ಅಂಕಿಯಲ್ಲಿ ಇದು ಕಾಣುವುದಿಲ್ಲ. ಗಾತ್ರವಾರು ಮಾರಾಟ ಬಿಡಿಸಿ ನೋಡಿದರೆ ಮಾತ್ರ, 100 ಮತ್ತು 250 ಗ್ರಾಂ ಪ್ಯಾಕ್‌ಗಳು ಕುಸಿದು ಪೊಟ್ಟಣಗಳ ಸರ ಹೆಚ್ಚು ಖರ್ಚಾಗುತ್ತಿರುವುದು ಗೊತ್ತಾಗುತ್ತದೆ.

ಸರಿಪಡಿಸುವ ದಾರಿ

ಬೆಲೆ ಕಟ್ಟುವುದನ್ನು ಕೆಳಗಿನ ಮೆಟ್ಟಿಲಿನಿಂದ ಶುರುಮಾಡಬೇಕು. ಅಲ್ಲಿ ಬೆಲೆ ಕದಲದ ಕಾರಣ ಮೊದಲು ಅದರ ತೂಕ ನಿಗದಿಯಾಗಬೇಕು, ಉಳಿದವು ಅದರ ಮೇಲೆ ನಿಲ್ಲಬೇಕು. ಈ ಉದಾಹರಣೆಯಲ್ಲಿ ಪೊಟ್ಟಣವನ್ನು 22 ಗ್ರಾಂಗೆ ಇಳಿಸಿದರೆ ಗ್ರಾಂಗೆ ಸುಮಾರು 45 ಪೈಸೆ ಬೀಳುತ್ತದೆ. ಅದರ ಮೇಲೆ 100 ಗ್ರಾಂಗೆ 43 ರೂಪಾಯಿ, 250 ಗ್ರಾಂಗೆ 100, ಅರ್ಧ ಕಿಲೋಗೆ 192, ಕಿಲೋಗೆ 370 ಎಂದರೆ ಮೆಟ್ಟಿಲು ಮತ್ತೆ ಕೂಡಿಕೊಳ್ಳುತ್ತದೆ. ಪರೀಕ್ಷೆ ಸರಳ: ಚಿಕ್ಕ ಪ್ಯಾಕ್‌ಗಳನ್ನು ಹೇಗೆ ಕೂಡಿಸಿದರೂ ಅಷ್ಟೇ ತೂಕದ ದೊಡ್ಡ ಪ್ಯಾಕ್‌ಗಿಂತ ಅಗ್ಗವಾಗಬಾರದು. ಎರಡು ಕಾಲು ಕಿಲೋ ಪ್ಯಾಕ್‌ಗೆ 200, ಒಂದು ಅರ್ಧ ಕಿಲೋಗೆ 192. ಎರಡು ಅರ್ಧ ಕಿಲೋಗೆ 384, ಒಂದು ಕಿಲೋಗೆ 370.

ಹಾಗೆಂದು ದೊಡ್ಡ ಪ್ಯಾಕ್‌ಗೆ ಬೇಕಾದಷ್ಟು ರಿಯಾಯಿತಿ ಕೊಡಲೂ ಆಗದು. ಕಿಲೋ ಪ್ಯಾಕ್ ತೀರಾ ಅಗ್ಗವಾದರೆ ಅಂಗಡಿಯವರು ಅದನ್ನೇ ಒಡೆದು ಬಿಡಿಯಾಗಿ ತೂಗಿ ಮಾರುವುದು ಲಾಭದಾಯಕವಾಗುತ್ತದೆ. ಆಗ ಕಂಪನಿಯ ಚಿಕ್ಕ ಪ್ಯಾಕ್‌ಗಳಿಗೆ ಅದರದೇ ದೊಡ್ಡ ಪ್ಯಾಕ್ ಎದುರಾಳಿ.

ಮಸಾಲೆಯಲ್ಲಿ ಇನ್ನೊಂದು ಮಿತಿ ಇದೆ. ಚಹಾಪುಡಿ ದಿನಕ್ಕೆರಡು ಸಲ ಖರ್ಚಾಗುತ್ತದೆ. ಗರಂ ಮಸಾಲೆ ಬೇಕಾಗುವುದು ವಾರಕ್ಕೆ ಕೆಲವು ಚಮಚ ಮಾತ್ರ, ಪ್ಯಾಕ್ ಒಡೆದ ಮೇಲೆ ಅದರ ಪರಿಮಳ ಹಾರುತ್ತಾ ಹೋಗುತ್ತದೆ. ಖಾರದ ಪುಡಿಯ ಅರ್ಧ ಕಿಲೋ ಪ್ಯಾಕ್ ದೊಡ್ಡ ಸಂಸಾರದಲ್ಲಿ ಖಾಲಿಯಾದೀತು, ಗರಂ ಮಸಾಲೆಯದು ಆಗದು. ಎಷ್ಟು ರಿಯಾಯಿತಿ ಕೊಟ್ಟರೂ ಘಮ ಹೋದ ಪುಡಿ ಅಗ್ಗವೆನಿಸುವುದಿಲ್ಲ. ಹೀಗಾಗಿ ಮಸಾಲೆಯ ಮೆಟ್ಟಿಲು ಮನೆಯ ಬಳಕೆ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೇ ನಿಲ್ಲಬೇಕು. ಅದನ್ನು ಮೀರಿದ ಪ್ಯಾಕ್‌ಗಳು ಅವಧಿ ಮುಗಿದು ಅಂಗಡಿಯಿಂದ ವಾಪಸ್ ಬರುತ್ತವೆ.

ಕೆಳಗಿನ ಮೆಟ್ಟಿಲಲ್ಲಿ ನಿಂತವರು

ಲೆಕ್ಕ ಸರಿಯಾದರೂ ಅದರ ಭಾರ ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಮುಂಬೈ, ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುವವರ ಕೈಗೆ ಹಣ ಬರುವುದು ದಿನಕ್ಕೋ ವಾರಕ್ಕೋ. ಒಂದೇ ಸಲ 370 ರೂಪಾಯಿ ಕೊಟ್ಟು ಕಿಲೋ ಚಹಾಪುಡಿ ಒಯ್ಯುವುದು ಅವರಿಗೆ ಆಗದ ಮಾತು. ಮೇಲಿನ ಸರಿಪಡಿಸಿದ ಮೆಟ್ಟಿಲಿನಲ್ಲಿ 22 ಗ್ರಾಂನ ಪೊಟ್ಟಣಗಳಲ್ಲೇ ಒಂದು ಕಿಲೋ ಕೊಂಡವರು ಕೊಡುವುದು ಸುಮಾರು 455 ರೂಪಾಯಿ. ಅದೇ ಚಹಾಗೆ 85 ರೂಪಾಯಿ ಹೆಚ್ಚು. ಅಂಗಡಿ ಮತ್ತು ಆ್ಯಪ್‌ಗಳ ರಿಯಾಯಿತಿ ಕೂಡ ಹೆಚ್ಚಾಗಿ ಸಿಗುವುದು ದೊಡ್ಡ ಪ್ಯಾಕ್‌ಗಳಿಗೇ.

ಈ ಅಂತರದಲ್ಲಿ ಒಂದು ಪಾಲು ನಿಜವಾದ ಖರ್ಚು. ಈ ಉದಾಹರಣೆಯಲ್ಲಿ 250 ಗ್ರಾಂಗೆ ತುಂಬುವ ಖರ್ಚಿನ ವ್ಯತ್ಯಾಸ 3 ರೂಪಾಯಿ ಚಿಲ್ಲರೆ, ಬೆಲೆಯ ವ್ಯತ್ಯಾಸ ಮಾತ್ರ ಸುಮಾರು 13 ರೂಪಾಯಿ. ದೊಡ್ಡ ಪ್ಯಾಕ್ ಆಕರ್ಷಕವಾಗಿ ಕಾಣಲು ಕಂಪನಿ ಎರಡು ಕೆಲಸ ಮಾಡಬಹುದು: ದೊಡ್ಡದನ್ನು ಅಗ್ಗ ಮಾಡುವುದು, ಇಲ್ಲವೇ ಚಿಕ್ಕದನ್ನು ದುಬಾರಿ ಮಾಡುವುದು. ಎರಡರಲ್ಲೂ ಮೆಟ್ಟಿಲು ನೋಡಲು ಒಂದೇ ತರಹ ಇರುತ್ತದೆ. ಎರಡನೆಯದರಲ್ಲಿ ದೊಡ್ಡ ಪ್ಯಾಕ್‌ನ ಆಕರ್ಷಣೆಗೆ ದುಡ್ಡು ಕಟ್ಟುವವರು ಅದನ್ನು ಕೊಳ್ಳಲಾಗದವರು.

ಪ್ಯಾಕ್ ಮೇಲೆ ಏನು ನೋಡಬೇಕು?

ಮೊದಲು ಚಹಾ, ಕಾಫಿ, ಬಿಸ್ಕತ್ತಿನಂಥ ಕೆಲವು ಸರಕುಗಳನ್ನು ಕಾನೂನು ಹೇಳಿದ ತೂಕಗಳಲ್ಲೇ ಪ್ಯಾಕ್ ಮಾಡಬೇಕಿತ್ತು. ತೂಕ ಮತ್ತು ಅಳತೆಯ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿ ಆ ಪಟ್ಟಿಯನ್ನು ಕೈಬಿಟ್ಟಿತು. ಹೀಗಾಗಿ 22 ಗ್ರಾಂ, 230 ಗ್ರಾಂನಂಥ ಪ್ಯಾಕ್‌ಗಳಿಗೆ ಈಗ ಅಡ್ಡಿಯಿಲ್ಲ. ಅದಕ್ಕೆ ಬದಲಾಗಿ, ಎಂಆರ್‌ಪಿ ಜೊತೆಗೆ ಯೂನಿಟ್ ದರವನ್ನೂ ಮುದ್ರಿಸುವ ನಿಯಮ ಬಂತು. ಒಂದು ಕಿಲೋಗಿಂತ ಕಡಿಮೆ ಇದ್ದರೆ ಪ್ರತಿ ಗ್ರಾಂಗೆ ಎಷ್ಟು, ಹೆಚ್ಚಿದ್ದರೆ ಪ್ರತಿ ಕಿಲೋಗೆ ಎಷ್ಟು ಎಂದು ಅಲ್ಲಿ ಇರುತ್ತದೆ.

ಎರಡು ಗಾತ್ರ ಹೋಲಿಸಲು ಈ ಒಂದು ಅಂಕಿ ಸಾಕು. ಗ್ರಾಂಗೆ 0.45 ರೂಪಾಯಿ ಎಂದರೆ ಕಿಲೋಗೆ 450 ಎಂದು ಸಾವಿರದಿಂದ ಗುಣಿಸಿ ನೋಡಿದರೆ ಅಂತರ ಕಣ್ಣಿಗೆ ಹೊಡೆಯುತ್ತದೆ. ಆದರೆ ಈ ಅಂಕಿ ಎಂಆರ್‌ಪಿ ಲೆಕ್ಕದ್ದು. ಅಂಗಡಿಯಲ್ಲಿ ರಿಯಾಯಿತಿ ಇದ್ದರೆ, ಕೊಡುವ ಬೆಲೆಯನ್ನು ಗ್ರಾಂಗಳಿಂದ ಭಾಗಿಸಿ ಮತ್ತೊಮ್ಮೆ ನೋಡಬೇಕಾಗುತ್ತದೆ. ಹೊದಿಕೆ, ಬಣ್ಣ, ಬೆಲೆ ಮೊದಲಿನಂತೆಯೇ ಇದ್ದು ತೂಕ ಮಾತ್ರ ಇಳಿದಿದ್ದರೆ, ಅದನ್ನು ಬಯಲು ಮಾಡುವುದೂ ಇದೇ ಅಂಕಿ.

ಚಹಾದ ಹರಾಜು ದರ ಇಳಿದಾಗ ಮೆಟ್ಟಿಲಿನ ನಿಜವಾದ ಪರೀಕ್ಷೆ ನಡೆಯುತ್ತದೆ. ದೊಡ್ಡ ಪ್ಯಾಕ್‌ನ ಬೆಲೆ ಇಳಿದರೆ ಎಲ್ಲರಿಗೂ ಕಾಣುತ್ತದೆ, ಜಾಹೀರಾತೂ ಬರುತ್ತದೆ. ಹತ್ತು ರೂಪಾಯಿ ಪೊಟ್ಟಣಕ್ಕೆ ಕಳೆದುಹೋದ ಮೂರು ಗ್ರಾಂ ವಾಪಸ್ ಬಂತೇ ಎಂದು ಕೇಳುವವರು ಕಡಿಮೆ. ದರ ಏರಿದಾಗ ಮೊದಲು ತೂಕ ಕಳೆದುಕೊಂಡ ಪೊಟ್ಟಣಕ್ಕೆ ದರ ಇಳಿದಾಗ ಅದು ಮರಳಿ ಸಿಗದಿದ್ದರೆ, ಆ ಮೂರು ಗ್ರಾಂ ಏರಿಕೆಯ ನೆಪದಲ್ಲಿ ಶಾಶ್ವತವಾಗಿ ಹೋದಂತೆಯೇ.