ಬನ್ನಿ ಕೊಡುವಾಗ ಏನನ್ನಬೇಕು?

ದಸರೆಗೆ ವಾರ ಇರುವಾಗ ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಬಂದ. ಹಿರಿಯರಿಗೆ ಕಳಿಸಬೇಕಾದ ಸಂದೇಶ, ತಪ್ಪಿದ್ದರೆ ತಿದ್ದಿಕೊಡಿ ಎಂದ. ಹೀಗಿತ್ತು:

“ಎಲ್ಲಾ ಹಿರಿಯರಿಗೆ ವಿಜಯದಶಮಿಯ ಹಾರ್ಧಿಕ ಶುಭಾಷಯಗಳು. ನೀವು ನೂರು ವರ್ಷ ಸುಖವಾಗಿ ಬಾಳಿ. ಸಂಜೆ ನಮ್ಮ ಮನೆಗೆ ಬಂದು ಬನ್ನಿ ತಗೊಳ್ಳಿ.”

ಕಾಗುಣಿತದ ತಪ್ಪು ಎರಡೇ. ಶುಭ ಮತ್ತು ಆಶಯ ಸೇರಿದರೆ ಶುಭಾಶಯ. ‘ಭಾಷೆ’ಗೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ ‘ಷ’ ಬೇಡ. ಹೃದಯದಲ್ಲಿರುವ ‘ದ’ವೇ ಹಾರ್ದಿಕದಲ್ಲೂ ಇರುವುದು, ಅದಕ್ಕೆ ಮಹಾಪ್ರಾಣ ಬೇಡ. ಇವನ್ನು ಯಾರಾದರೂ ತಿದ್ದಿಯಾರು. ಹಿರಿಯರು ಹುಬ್ಬೇರಿಸುವುದು ಮಾತ್ರ ಕಾಗುಣಿತ ಸರಿಯಾಗಿಯೇ ಇರುವ ಮುಂದಿನ ಎರಡು ವಾಕ್ಯಗಳಿಗೆ.

‘ಬಾಳಿ’ ಎಂಬುದನ್ನು ನೋಡಿ. ಬಹುವಚನ ಇದೆ, ಗೌರವ ಇದೆ. ಆದರೆ ‘ಬಾಳಿ’ಯ ಕರ್ತೃ ‘ನೀವು’. ಎದುರಿಗಿರುವವರಿಗೇ ನೇರವಾಗಿ ‘ಹೀಗಿರಿ’ ಎಂದು ಹೇಳಿದರೆ ಅದು ಆಶೀರ್ವಾದ, ಮತ್ತು ನಮ್ಮಲ್ಲಿ ಆಶೀರ್ವಾದ ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು. ಎಂಬತ್ತರ ಅಜ್ಜನಿಗೆ ಇಪ್ಪತ್ತೈದರ ಹುಡುಗ “ನೂರು ವರ್ಷ ಬಾಳಿ” ಎಂದರೆ ಅಜ್ಜ ನಕ್ಕು ಸುಮ್ಮನಾಗಬಹುದು, ಆದರೆ ಹೇಳುವ ಸರದಿ ಅಜ್ಜನದಾಗಿತ್ತು. ಹಾಗೆಂದು ಹಿರಿಯರಿಗೆ ಒಳಿತನ್ನು ಬಯಸಲೇಬಾರದೆಂದಲ್ಲ. ಕರ್ತೃವನ್ನು ಬದಲಿಸಿದರೆ ಸಾಕು: “ದೇವಿ ತಮಗೆ ಆಯುರಾರೋಗ್ಯ ಕೊಡಲಿ.” ಈಗ ಕ್ರಿಯೆ ದೇವಿಯದು, ಕೇಳಿಕೊಳ್ಳುವವನು ಹುಡುಗ. ‘ಇರಿ’ ಎನ್ನುವ ಕಡೆ ‘ಕೊಡಲಿ’, ‘ಕಾಪಾಡಲಿ’ ಬರುತ್ತದೆ, ಅಷ್ಟೇ ವ್ಯತ್ಯಾಸ.

ಕೊನೆಯ ವಾಕ್ಯದ ತೊಡಕು ವ್ಯಾಕರಣದ್ದಲ್ಲ, ಪದ್ಧತಿಯದು. ಕಲಬುರಗಿ, ಬೀದರ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಈ ಊರಿನ ಹಳೆಯ ಕನ್ನಡ ಮನೆಗಳಲ್ಲಿ ಬಹಳಷ್ಟಕ್ಕೆ ಆ ಕಡೆಯ ನಂಟಿದೆ. ಅಲ್ಲೆಲ್ಲ ದಶಮಿಯ ಸಂಜೆ ಕಿರಿಯರೇ ಹಿರಿಯರ ಮನೆಗೆ ಹೋಗಿ, ಬನ್ನಿ ಎಲೆಯನ್ನು ಕೈಗಿಟ್ಟು ಕಾಲಿಗೆ ಬೀಳುತ್ತಾರೆ. ಬನ್ನಿ ತೆಗೆದುಕೊಳ್ಳಲು ಹಿರಿಯರನ್ನೇ ನಮ್ಮ ಮನೆಗೆ ಕರೆಸಿಕೊಂಡರೆ ಕ್ರಮ ತಲೆಕೆಳಗಾಗುತ್ತದೆ. ಹೀಗೆ ತಿದ್ದಿದೆ:

“ಹಿರಿಯರೆಲ್ಲರಿಗೂ ವಿಜಯದಶಮಿಯ ನಮಸ್ಕಾರಗಳು. ದೇವಿ ತಮಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ. ಸಂಜೆ ಬನ್ನಿ ಕೊಡಲು ತಮ್ಮ ಮನೆಗೆ ಬರುತ್ತೇವೆ. ತಮ್ಮ ಆಶೀರ್ವಾದವಿರಲಿ.”

‘ತಾವು’ ಎಂದು ಶುರು ಮಾಡಿದರೆ ಕೊನೆಯತನಕ ತಾವೇ ಇರಬೇಕು. ನಡುವೆ ‘ನಿಮ್ಮ’ ನುಸುಳಿದರೆ ಬೇರೆ ಯಾರೋ ಬರೆದು ಅಂಟಿಸಿದಂತೆ ಕಾಣುತ್ತದೆ. ಪೂರ್ತಿ ‘ನೀವು’ ಎಂದೇ ಬರೆದರೂ ಅಗೌರವವೇನಿಲ್ಲ. ಒಬ್ಬೊಬ್ಬರಿಗೇ ಹೆಸರು ಹಾಕಿ ಕಳಿಸುವುದಾದರೆ ‘ರಾವ್ ಗಾರು’ ಎಂಬ ಇಲ್ಲಿನ ರೂಢಿ ಕನ್ನಡದಲ್ಲಿ ‘ರಾವ್ ಅವರೇ’ ಆಗುತ್ತದೆ. ‘ರೇ’ ದೀರ್ಘವಿರಲಿ, ಇಲ್ಲದಿದ್ದರೆ ಉಪ್ಪಿಟ್ಟಿಗೆ ಹಾಕುವ ಅವರೆ ನೆನಪಾದೀತು! ಪರಿಚಯದ ಮನೆಯಾದರೆ ಇದೂ ಬೇಡ. ಕಾಕಾ, ಕಾಕು, ಅಜ್ಜಾ ಎಂದರೆ ಸಾಕು. ಎಲ್ಲರನ್ನೂ ‘ಅಂಕಲ್’ ಮಾಡುವುದು ನನಗೆ ಹಿಡಿಸದ ಮಾತು.

ಸಮವಯಸ್ಕರಿಗೆ, ನೆರೆಯವರಿಗೆ ಇಷ್ಟೆಲ್ಲ ಲೆಕ್ಕಾಚಾರ ಬೇಡ. ಆ ಕಡೆಯವರು ಹೇಳುವ “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎಂಬ ಮಾತಿದೆ. ‘ಇರೋಣ’ದಲ್ಲಿ ಹೇಳುವವನೂ ಕೇಳುವವನೂ ಒಟ್ಟಿಗೇ ಸೇರಿದ್ದಾರೆ, ಯಾರೂ ಯಾರಿಗೂ ಹರಸುತ್ತಿಲ್ಲ. ಹಾಗಾಗಿ ಹಿರಿಯರ ಎದುರಲ್ಲೂ ಅದನ್ನು ಅನ್ನಬಹುದು. ಮೈಸೂರು ಕಡೆಯಿಂದ ಬಂದವರಿಗೆ ಮೊದಲ ಸಲ ಬಾಗಿಲಲ್ಲಿ “ಬನ್ನಿ” ಎಂದರೆ ಒಳಗೆ ಕರೆಯುತ್ತಿದ್ದೀರಿ ಎಂದುಕೊಂಡಾರು. ದಸರಾ ಮೆರವಣಿಗೆ ಬನ್ನಿಮಂಟಪಕ್ಕೆ ಹೋಗುವುದು ಅವರಿಗೆ ಗೊತ್ತು, ಆದರೆ ಎಲೆ ಹಂಚಿಕೊಳ್ಳುವ ರೂಢಿ ಅಲ್ಲಿ ಅಷ್ಟಿಲ್ಲ. ಎಲೆ ಮುಂದೆ ಚಾಚಿ “ಬನ್ನಿ ತಗೊಳ್ರಿ” ಎಂದರೆ ಗೊಂದಲ ತೀರುತ್ತದೆ.

ತೆಲುಗು ನೆರೆಮನೆಗೆ ಹೋಗಲು ಹುಡುಗ ಹಿಂಜರಿದ, ಏನನ್ನಬೇಕೆಂದು ಗೊತ್ತಿಲ್ಲವಂತೆ. ಬನ್ನಿಗೆ ತೆಲುಗಿನಲ್ಲಿ ಜಮ್ಮಿ ಎನ್ನುತ್ತಾರೆ, ಅದು ತೆಲಂಗಾಣದ ರಾಜ್ಯವೃಕ್ಷ. ಇಲ್ಲಿಯೂ ದಸರೆಯಂದು ಆ ಎಲೆಯನ್ನು ‘ಬಂಗಾರಂ’ ಎಂದು ಕರೆದೇ ಕೊಡುತ್ತಾರೆ, ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ, ಸಮಾನರು ಅಲಾಯ್ ಬಲಾಯ್ ಎಂದು ಅಪ್ಪಿಕೊಳ್ಳುತ್ತಾರೆ. ‘ಶುಭಾಕಾಂಕ್ಷಲು’ ಎಂದು ಅಭ್ಯಾಸ ಮಾಡಿಕೊಂಡು ಹೋಗಬೇಕಿಲ್ಲ. ಕನ್ನಡದಲ್ಲೇ “ಬಂಗಾರ ತಗೊಳ್ರಿ” ಎನ್ನು, ಅವರಿಗೆ ತಿಳಿಯುತ್ತದೆ ಎಂದೆ.