ಮಾಸು ಎಳೆಸಬೇಡಿ, ಥರ್ಮಾಮೀಟರ್ ಕೊಡಿಸಿ

ಹಸು ಕರು ಹಾಕಿ ಇಡೀ ದಿನ ಆಯ್ತು, ಮಾಸು ಇನ್ನೂ ಬಿದ್ದಿಲ್ಲ ಅಂತ ಊರಿಂದ ಫೋನ್ ಬಂದರೆ ಬೆಂಗಳೂರಲ್ಲಿ ಕೂತ ನಮ್ಮಂಥ ಮಕ್ಕಳು ಕೊಡೋ ಉತ್ತರ ಒಂದೇ: "ಯಾರನ್ನಾದ್ರೂ ಕರೆಸಿ ತೆಗೆಸಿಬಿಡಿ, ದುಡ್ಡು ನಾನು ಹಾಕ್ತೀನಿ." ಮೀಟಿಂಗ್ ಮುಗಿಯೋದರೊಳಗೆ ದುಡ್ಡು ಹೋಗಿರುತ್ತೆ, ಕರ್ತವ್ಯ ಮುಗಿದಿರುತ್ತೆ. ನನ್ನ ವಾದ ಇಷ್ಟೇ. ಆ ದುಡ್ಡಲ್ಲಿ ನಾವು ಕೊಂಡುಕೊಳ್ಳೋದು ಬಹಳ ಸಲ ಚಿಕಿತ್ಸೆಯಲ್ಲ, ಗಾಯ.

ಯಾಕೆ ಅಂತ ಗೊತ್ತಾಗಬೇಕಾದರೆ ಮಾಸು ಹೇಗೆ ಅಂಟಿಕೊಂಡಿರುತ್ತೆ ಅನ್ನೋದನ್ನ ನೋಡಬೇಕು. ಹಸುವಿನ ಗರ್ಭಕೋಶದ ಒಳಗೋಡೆಯ ಮೇಲೆ ಸುಮಾರು ನೂರು ಗುಂಡಿಗಳಿರುತ್ತವೆ. ಕರುವಿನ ಕಡೆಯ ಪೊರೆ ಅವುಗಳಿಗೆ ಅಂಗಿಯ ಕಾಜದ ಹಾಗೆ ಒಂದೊಂದಕ್ಕೂ ಕಚ್ಚಿಕೊಂಡಿರುತ್ತೆ. ಕರು ಹೊರಬಂದ ಮೇಲೆ ಹಸುವಿನ ಬಿಳಿ ರಕ್ತಕಣಗಳೂ ಕೆಲವು ಕಿಣ್ವಗಳೂ ಸೇರಿ ಈ ಬೆಸುಗೆಯನ್ನ ಕರಗಿಸುತ್ತವೆ. ಸಾಮಾನ್ಯವಾಗಿ ಹನ್ನೆರಡು ಗಂಟೆಯೊಳಗೆ ಮಾಸು ಕಳಚಿ ಬೀಳುತ್ತೆ. ಅವಳಿ ಕರು, ದಿನ ತುಂಬದ ಹೆರಿಗೆ, ಕಷ್ಟದ ಹೆರಿಗೆ, ಕ್ಯಾಲ್ಸಿಯಂ ಕೊರತೆ ಇದ್ದಾಗ ಆ ಕರಗಿಸುವ ಕೆಲಸ ನಿಧಾನವಾಗುತ್ತೆ. 24 ಗಂಟೆ ಕಳೆದರೂ ನೇತಾಡುತ್ತಿದ್ದರೆ ಅದು ಕಚ್ಚಿಕೊಂಡ ಮಾಸು.

ಈಗ ಒಬ್ಬರು ಬರ್ತಾರೆ, ಭುಜದವರೆಗೆ ಕೈ ಹಾಕ್ತಾರೆ, ಅರ್ಧ ಗಂಟೆ ಜಗ್ಗಾಡಿ ಒಂದು ಬಕೆಟ್ ತುಂಬ ಹೊರಗೆ ತರ್ತಾರೆ. ನೋಡಿದವರಿಗೆಲ್ಲ ಸಮಾಧಾನ. ಆದರೆ ಕರಗದ ಬೆಸುಗೆಯನ್ನ ಕಿತ್ತಾಗ ಒಳಗೋಡೆ ಹರಿದಿರುತ್ತೆ, ಕೈಗೆ ಸಿಗದ ಚೂರುಗಳು ಒಳಗೇ ಉಳಿದಿರುತ್ತವೆ, ಹರಿದ ಜಾಗದಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸಲೀಸಾಗಿ ಹೋಗುತ್ತೆ. ಕಲ್ಲೋ ಹಳೇ ಚಪ್ಪಲಿಯೋ ಕಟ್ಟಿ ಭಾರ ಬಿಡೋದೂ ಇದೇ ಜಾತಿಯ ಕೆಲಸ. ಸುಮ್ಮನೆ ಬಿಟ್ಟರೆ ಹೆಚ್ಚಿನ ಹಸುಗಳಲ್ಲಿ ಒಂದು ವಾರದ ಆಸುಪಾಸಿನಲ್ಲಿ ಅದು ತಾನಾಗೇ ಬೀಳುತ್ತೆ.

ಎಳೆದಾದ ಮೇಲೆ ಗರ್ಭಕೋಶದೊಳಗೆ ಮಾತ್ರೆ ಇಡೋ ಪದ್ಧತಿಯೊಂದಿದೆ, ನನಗೆ ಅತಿ ಹೆಚ್ಚು ಸಿಟ್ಟು ಬರೋದು ಇದಕ್ಕೆ. ಒಳಗಿಡುವ ಟೆಟ್ರಾಸೈಕ್ಲಿನ್, ಮಾಸನ್ನ ಬಿಡಿಸಬೇಕಾದ ಆ ಕಿಣ್ವಗಳನ್ನೇ ತಡೆಯುತ್ತೆ. ಚೂರು ಇನ್ನೂ ಬಿಟ್ಟಿಲ್ಲ ಅಂತ ಗೋಳಾಡುವವರೇ ಬಿಡದ ಹಾಗೆ ಮಾಡೋ ಔಷಧಿಯನ್ನ ಒಳಗಿಡ್ತಾರೆ! ಅದರ ಒಂದಿಷ್ಟು ಅಂಶ ರಕ್ತದ ಮೂಲಕ ಹಾಲಿಗೂ ಬರುತ್ತೆ. "ಸೂಜಿ ಚುಚ್ಚಿಲ್ಲವಲ್ಲ" ಅಂತ ಆ ಹಾಲು ಡೇರಿಗೆ ಹೋಗುತ್ತೆ.

"ಹಾಗಾದ್ರೆ ಕೊಳೆಯೋಕೆ ಬಿಡಬೇಕಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಮಾಸು ಕೊಳೆಯುತ್ತೆ, ಕೊಟ್ಟಿಗೆ ನಾರುತ್ತೆ, ನೊಣ ಮುತ್ತುತ್ತೆ. ಆದರೆ ನೇತಾಡೋ ಮಾಸಿನ ನಾತ ಬೇರೆ, ಗರ್ಭಕೋಶದ ಸೋಂಕು ಬೇರೆ. ಮಾಸು ಉಳಿದ ಹಸುಗಳಿಗೆಲ್ಲ ಸೋಂಕು ಬರಲ್ಲ. ಬಂದರೆ ಹೆಚ್ಚಾಗಿ ಮೊದಲ ಹತ್ತು ದಿನದಲ್ಲಿ ಬರುತ್ತೆ. ಆ ಹತ್ತು ದಿನ ಬೇಕಾಗಿರೋದು ಒಳಗೆ ಹೋಗೋ ಕೈಯಲ್ಲ, ಬಾಲದಡಿ ಇಡೋ ಥರ್ಮಾಮೀಟರ್. ಕೆಲಸ ಮಾಡ್ತಿರೋ ಸರ್ವರನ್ನ ಸುಮ್ಮನೆ ರೀಸ್ಟಾರ್ಟ್ ಮಾಡೋರನ್ನ ಕಂಡರೆ ಉರಿದು ಬೀಳೋ ನಾವು ಹಸುವಿನ ವಿಷಯದಲ್ಲಿ ಯಾಕೆ ಮಾನಿಟರಿಂಗ್ ಮರೀತೀವೋ ಗೊತ್ತಿಲ್ಲ.

ನಮ್ಮ ಮನೆಯ ಹಸುವಿನದೇ ಹೇಳ್ತೀನಿ. ಎಚ್‌ಎಫ್ ಕ್ರಾಸ್, ಮೂರನೇ ಸೂಲು, ಸುಮಾರು 400 ಕೆಜಿ. ಭಾನುವಾರ ರಾತ್ರಿ ಕರು ಹಾಕಿತು, ಮಂಗಳವಾರ ಬೆಳಗ್ಗೆಯೂ ಮಾಸು ನೇತಾಡ್ತಿತ್ತು. ಬಂದ ಡಾಕ್ಟ್ರು ಹುಡುಗ ವಯಸ್ಸಿನವರು. ಕೈಗವಸು ಹಾಕಿಕೊಂಡು, ನೆಲಕ್ಕೆ ತಾಕ್ತಿದ್ದ ಭಾಗವನ್ನ ಮಾತ್ರ ಕತ್ತರಿಸಿದರು, ಒಳಗೆ ಕೈ ಹಾಕಲಿಲ್ಲ. "ಬೆಳಗ್ಗೆ ಸಂಜೆ ಜ್ವರ ನೋಡಿ, 103 ದಾಟಿದ್ರೆ ಅವತ್ತೇ ಫೋನ್ ಮಾಡಿ" ಅಂದು ಹೊರಟರು. ಅಮ್ಮ ನನಗೆ ಫೋನ್ ಮಾಡಿ "ಲೋ ಮಗ, ಏನೂ ಮಾಡ್ದೆ ಹೊರಟೇ ಹೋದ್ರು ಕಣೋ" ಅಂದರು.

ಬುಧವಾರ 101.8, ಗುರುವಾರ 102. ಹಸು ಮೇವು ತಿಂತಿತ್ತು, ಮೆಲುಕು ಹಾಕ್ತಿತ್ತು. ಶುಕ್ರವಾರ ಬೆಳಗ್ಗೆ 104. ಹದಿನಾಲ್ಕು ಲೀಟರ್ ಇದ್ದ ಹಾಲು ಒಂಬತ್ತಕ್ಕೆ ಇಳಿದಿತ್ತು. ಅದಕ್ಕಿಂತ ಮುಖ್ಯ, ಸ್ರಾವ ಬದಲಾಗಿತ್ತು. ಹೆರಿಗೆ ಆದ ಮೇಲೆ ಎರಡು ಮೂರು ವಾರ ಕೆಂಪು-ಕಂದು ಬಣ್ಣದ, ಲೋಳೆಯಾದ, ನಾತವಿಲ್ಲದ ಸ್ರಾವ ಹೋಗೋದು ಸಹಜ, ಅದಕ್ಕೆ ಔಷಧಿ ಬೇಡ. ಈಗ ಬರ್ತಿದ್ದಿದ್ದು ಮಾಂಸ ತೊಳೆದ ನೀರಿನ ಹಾಗೆ ತೆಳ್ಳಗೆ, ಹತ್ತಿರ ನಿಲ್ಲೋಕಾಗದಷ್ಟು ನಾತ. ಜ್ವರ, ಮಂಕು, ನಾರುವ ತೆಳು ಸ್ರಾವ ಒಟ್ಟಿಗೆ ಬಂದರೆ ಅದು ಗರ್ಭಕೋಶದ ಸೋಂಕು. ಆಗ ಒಂದು ದಿನವೂ ಕಾಯಬಾರದು, ವಿಷ ರಕ್ತಕ್ಕೇರಿದರೆ ಹಸುವೇ ಉಳಿಯಲ್ಲ.

ಆಂಟಿಬಯೋಟಿಕ್ ಶುರುವಾಗಿದ್ದು ಅವತ್ತು. ಯಾವುದು ಅನ್ನೋದರಲ್ಲೂ ಒಂದು ಲೆಕ್ಕ ಇದೆ. ಕೊಳೆತ ಗರ್ಭಕೋಶದಲ್ಲಿ ಆಮ್ಲಜನಕ ಬಹಳ ಕಮ್ಮಿ, ಅಲ್ಲಿ ಬೆಳೆಯೋ ಮುಖ್ಯ ಬ್ಯಾಕ್ಟೀರಿಯಾಗಳೂ ಗಾಳಿ ಬೇಡದವು. ಜೆಂಟಾಮೈಸಿನ್ ಥರದ ಔಷಧಿ ಬ್ಯಾಕ್ಟೀರಿಯಾದೊಳಗೆ ಹೋಗೋಕೆ ಆಮ್ಲಜನಕ ಬೇಕು, ಹಾಗಾಗಿ ಅಲ್ಲಿ ಅದು ದಂಡ. ಹಳೇ ಪೆನಿಸಿಲಿನ್ ಈ ಜಾತಿಯ ಮೇಲೆ ಇನ್ನೂ ಚೆನ್ನಾಗೇ ಕೆಲಸ ಮಾಡುತ್ತೆ, ಆದರೆ ಪ್ರಮಾಣ ಸರಿಯಿರಬೇಕು. ಪ್ರೊಕೇನ್ ಪೆನಿಸಿಲಿನ್ ದಿನಕ್ಕೆ ಕೆಜಿಗೆ 22,000 ಯೂನಿಟ್. ನಾಲ್ಕುನೂರು ಕೆಜಿಗೆ 88 ಲಕ್ಷ. 40 ಲಕ್ಷದ್ದು ಒಂದೇ ಒಂದು ಹಾಕಿ, ಮಾರನೇ ದಿನ ಜ್ವರ ಇಳೀತು ಅಂತ ನಿಲ್ಲಿಸೋದು ಚಿಕಿತ್ಸೆಯಲ್ಲ, ಬ್ಯಾಕ್ಟೀರಿಯಾಗೆ ತರಬೇತಿ. ನಮ್ಮ ಹಸುವಿಗೆ ಐದು ದಿನ ಪೂರ್ತಿ ಚರ್ಮದಡಿ ಅಲ್ಲ, ಮಾಂಸಖಂಡಕ್ಕೇ ಕೊಟ್ಟರು, ಜೊತೆಗೆ ಜ್ವರ-ನೋವಿಗೆ ಮೆಲಾಕ್ಸಿಕಾಂ.

ಸೆಫ್ಟಿಯೋಫರ್ ಇದಕ್ಕೆ ಒಳ್ಳೆಯ ಔಷಧಿಯೇ, ನಾನು ಅಲ್ಲಗಳೆಯಲ್ಲ. ಆದರೆ ಅದು ಮೂರನೇ ತಲೆಮಾರಿನ ಸೆಫಲೋಸ್ಪೋರಿನ್, ಮನುಷ್ಯರ ಆಸ್ಪತ್ರೆಯಲ್ಲಿ ಜೀವ ಉಳಿಸೋ ಔಷಧಿಗಳ ಕುಟುಂಬದ್ದು. ಪೆನಿಸಿಲಿನ್‌ಗೆ ಬಗ್ಗದಿದ್ದಾಗ ಡಾಕ್ಟ್ರು ತೆಗೆಯಬೇಕಾದ್ದು. ಜ್ವರವೇ ಇಲ್ಲದ ಹಸುವಿಗೆ, ಮಾಸು ಬಿದ್ದಿಲ್ಲ ಅನ್ನೋ ಒಂದೇ ಕಾರಣಕ್ಕೆ ಮುಂಜಾಗ್ರತೆ ಅಂತ ಚುಚ್ಚೋದಂತೂ ಶುದ್ಧ ಅನ್ಯಾಯ.

ಇನ್ನು ಹಾಲು. ಔಷಧಿ ಮೇಲೆ ಬರೆದ ದಿನಗಳಷ್ಟು ಕಾಯಲೇಬೇಕು, ಬರೆದದ್ದಕ್ಕಿಂತ ಹೆಚ್ಚು ಪ್ರಮಾಣ ಕೊಟ್ಟಿದ್ದರೆ ಇನ್ನೂ ಹೆಚ್ಚು ದಿನ. ಅಷ್ಟೂ ದಿನ ಅಪ್ಪ ಹಾಲು ಕರೆದು ತಿಪ್ಪೆಗೆ ಸುರಿದರು. ಡೇರಿಗೆ ಹಾಕದ ಹಾಲಿಗೆ ಯಾರೂ ದುಡ್ಡು ಕೊಡಲ್ಲ. ಆ ನಷ್ಟ ತಡೆಯಲಾರದವರು ಹಾಕೇ ಹಾಕ್ತಾರೆ, ಅದು ನಿಮ್ಮ ಫಿಲ್ಟರ್ ಕಾಫಿಗೇ ಬರೋದು. ಮಕ್ಕಳಾದ ನಾವು ದುಡ್ಡು ಕಳಿಸೋದೇ ಆದರೆ ಚೆಲ್ಲಿದ ಹಾಲಿನ ಲೆಕ್ಕಕ್ಕೆ ಕಳಿಸೋಣ.

ಒಂದು ಎಚ್ಚರಿಕೆ ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಆರು ತಿಂಗಳು ಕಳೆದ ಮೇಲೆ ಕಂದು ಹಾಕಿ ಮಾಸು ಉಳಿದರೆ ಬ್ರುಸೆಲ್ಲಾ ಇರಬಹುದು. ಆ ಮಾಸನ್ನ ಬರಿಗೈಲಿ ಮುಟ್ಟಿದವರಿಗೆ ತಿಂಗಳುಗಟ್ಟಲೆ ಜ್ವರ, ಕೀಲುನೋವು ಅಂಟಿಕೊಳ್ಳುತ್ತೆ. ಎಳೀರಿ ಅಂತ ಫೋನಲ್ಲಿ ಹೇಳುವಾಗ ಯಾರ ಕೈ ಒಳಗೆ ಹೋಗುತ್ತೆ ಅಂತ ಒಮ್ಮೆ ನೆನೆಸಿಕೊಳ್ಳಿ.

ನಮ್ಮ ಹಸುವಿಗೆ ಭಾನುವಾರ ಸಂಜೆ ಜ್ವರ 101.6ಕ್ಕೆ ಇಳೀತು. ಮಂಗಳವಾರ, ಹೆರಿಗೆಯಾದ ಒಂಬತ್ತನೇ ದಿನ, ಮಾಸು ತಾನಾಗೇ ಬಿತ್ತು. ಐದನೇ ವಾರ ಡಾಕ್ಟ್ರು ಮತ್ತೆ ಬಂದು ಪರೀಕ್ಷೆ ಮಾಡಿದರು. ಕೀವಿನ ಸ್ರಾವ ಉಳಿದಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕಿತ್ತು, ಉಳಿದಿರಲಿಲ್ಲ. ಊರಿನವರು ಮಾತ್ರ ಈಗಲೂ ಅಪ್ಪನಿಗೆ ಹೇಳೋದು: "ಆ ಡಾಕ್ಟ್ರಿಗೆ ಮಾಸು ತೆಗೆಯೋಕೇ ಬರಲ್ಲ, ಇನ್ನೊಬ್ರನ್ನ ನೋಡ್ಕೊಳಿ."