ಹಾಜರಿ ಶೀಟಿನಾಗ ಮಾಯವಾದ ಏಳು ತಾಸು



ಹುನಗುಂದ ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿಯುವ ನಮ್ಮ ಹುಡುಗನೊಬ್ಬ 2024ರ ಜುಲೈ ತಿಂಗಳ ಪೇಸ್ಲಿಪ್ ಹಿಡಕೊಂಡು ಬಂದಿದ್ದ. "ಅಣ್ಣಾ, ಮೂರು ಸಲ ಡಬಲ್ ಡ್ಯೂಟಿ ಮಾಡೀನಿ, ಓಟಿ ಕಾಲಂದಾಗ ಸೊನ್ನೆ ಹಾಕ್ಯಾರ" ಅಂದ. ಹಾಜರಿ ಶೀಟಿನ ಫೋಟೋನೂ ತಂದಿದ್ದ. ನಾನೂ ಆಫೀಸಿನಲ್ಲಿ ಹಾಜರಿ ಬರೆಯೋ ಗುಮಾಸ್ತನೇ. ಆದರೂ ಮೊದಲ ಸಲ ನೋಡಿದಾಗ ನನಗೂ ತಪ್ಪು ಕಾಣಲಿಲ್ಲ. ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು. ಎಲ್ಲಾ ಸರಿಯಾಗೇ ಇತ್ತು.

ಮರ್ಮ ಇರೋದು ಜುಲೈ 10ರಲ್ಲಿ. ಅವತ್ತು ಬುಧವಾರ. ಮಧ್ಯಾಹ್ನ 2ಕ್ಕೆ ಒಳಗೆ ಹೋದ, ರಾತ್ರಿ 10ಕ್ಕೆ ಬಿಡಬೇಕಿತ್ತು. ಬದಲಿ ಆಳು ಬರಲಿಲ್ಲ ಅಂತ ಬೆಳಗ್ಗೆ 6ರ ತನಕ ನಿಲ್ಲಿಸಿಕೊಂಡರು. ಒಟ್ಟು ಹದಿನಾರು ತಾಸು. ಆಮೇಲೆ "ಇವತ್ತು ಮನಿಗೆ ಹೋಗು, ಹಾಜರಿ ಹಾಕ್ತೀವಿ" ಅಂದರು. ಹುಡುಗನಿಗೂ ಖುಷಿ. ಆದರೆ ಅವರು ಮಾಡಿದ್ದೇನು? ರಾತ್ರಿ 10ರಿಂದ 6ರ ಎಂಟು ತಾಸನ್ನು 11ನೇ ತಾರೀಖಿನ ಹಾಜರಿ ಅಂತ ಬರೆದರು. ಎರಡು ದಿನಕ್ಕೆ ಎಂಟೆಂಟು ತಾಸು ಆಯ್ತು, ಓಟಿ ಕಾಲಂ ಖಾಲಿ ಉಳೀತು. 18ಕ್ಕೂ 26ಕ್ಕೂ ಇದೇ ಆಟ.

2025ರ ನವೆಂಬರ್ ತನಕ ಜಾರಿಯಲ್ಲಿದ್ದ ಫ್ಯಾಕ್ಟರಿ ಕಾಯ್ದೆ 1948ರ ಕಲಂ 57 ಇದಕ್ಕೆ ಒಪ್ಪುತ್ತಿರಲಿಲ್ಲ. ಪಾಳಿ ಮಧ್ಯರಾತ್ರಿ ದಾಟಿದರೆ, ಹನ್ನೆರಡರ ನಂತರ ದುಡಿದ ತಾಸುಗಳೂ ಹಿಂದಿನ ದಿನದ ಲೆಕ್ಕಕ್ಕೇ ಸೇರಬೇಕಿತ್ತು. ಆ ಕಾರ್ಮಿಕನಿಗೆ ಮರುದಿನ ಶುರುವಾಗ್ತಿದ್ದದ್ದು ಪಾಳಿ ಮುಗಿದ ಮೇಲೆ. ಅಂದರೆ ಹದಿನಾರೂ ತಾಸು 10ನೇ ತಾರೀಖಿನವೇ. ಕಲಂ 59ರ ಪ್ರಕಾರ ದಿನಕ್ಕೆ ಒಂಬತ್ತು ತಾಸು ಅಥವಾ ವಾರಕ್ಕೆ ನಲವತ್ತೆಂಟು ತಾಸು ದಾಟಿದ್ದಕ್ಕೆ ದುಪ್ಪಟ್ಟು ಕೂಲಿ ಕೊಡಬೇಕಿತ್ತು. ಇಲ್ಲಿ ವಾರದ ಲೆಕ್ಕ ದಾಟಿಲ್ಲ, ದಿನದ ಲೆಕ್ಕ ಏಳು ತಾಸು ದಾಟಿದೆ. "ಬದಲಿಗೆ ರಜೆ ಕೊಟ್ಟೀವಲ್ಲ" ಅನ್ನೋ ಮಾತು ನಡೆಯುತ್ತಿರಲಿಲ್ಲ, ಕಲಂ ಕೇಳಿದ್ದು ರಜೆ ಅಲ್ಲ, ಕೂಲಿ. (ವಾರಕ್ಕೆ 54 ತಾಸು ಇದ್ದದ್ದು 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಿಂದ, ಆ ಮಸೂದೆ ತಂದವರು ಆಗ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು. ಜಯಂತಿಯ ಬ್ಯಾನರಿನಲ್ಲಿ ಇದನ್ನೂ ಹಾಕ್ರಪ್ಪಾ.)

ಇನ್ನು ತಾಸಿನ ದರ. ಅವನ ಮೂಲ ವೇತನ 9,100, ತುಟ್ಟಿಭತ್ಯೆ 6,500, ಕೂಡಿದರೆ 15,600. ಅದನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ಎಂಟರಿಂದ ಭಾಗಿಸಿದರೆ ತಾಸಿಗೆ 75. ಮ್ಯಾನೇಜ್‌ಮೆಂಟಿನವರು ಮೂಲ ವೇತನ ಒಂದನ್ನೇ ಹಿಡಿದು 43.75 ಅಂತ ತೋರಿಸಿದ್ದರು. ಅದು ತಪ್ಪು. ಓಟಿಗೆ ಹಿಡಿಯಬೇಕಿದ್ದ ದರದಲ್ಲಿ ಭತ್ಯೆಯೂ ಸೇರುತ್ತಿತ್ತು, ಬೋನಸ್ ಮಾತ್ರ ಸೇರುತ್ತಿರಲಿಲ್ಲ.

ಇಲ್ಲಿ ನಮ್ಮವರೂ ಎಡವುತ್ತಾರೆ. ಹುಡುಗ ತಾನೇ ಲೆಕ್ಕ ಹಾಕಿಕೊಂಡು ಬಂದಿದ್ದ: ಎಂಟು ತಾಸು, ತಾಸಿಗೆ 150, ಮೂರು ಸಲ, ಒಟ್ಟು 3,600 ಅಂತ. ನಾನು ತಡೆದೆ. ಒಂಬತ್ತನೇ ತಾಸು ಸಾದಾ ದರದ್ದು, ಓಟಿ ಏಳೇ ತಾಸು. ಆ ಏಳು ತಾಸಿಗೂ 11ರ ಹಾಜರಿ ಹೆಸರಲ್ಲಿ ಒಂದುಪಟ್ಟು ಪಗಾರ ಆಗಲೇ ಬಂದಿದೆ. ಉಳಿದದ್ದು ಇನ್ನೊಂದು ಪಟ್ಟು: ಏಳು ಗುಣಿಸು 75, ಅಂದರೆ 525. ಮೂರು ಸಲಕ್ಕೆ 1,575. ಹೆಚ್ಚು ಬರೆದು ಕೊಟ್ಟರೆ ಅವರ ವಕೀಲ ಆ ಒಂದು ತಪ್ಪನ್ನೇ ಹಿಡಿದು ಇಡೀ ಅರ್ಜಿಯನ್ನ ಅನುಮಾನಕ್ಕೆ ಹಾಕ್ತಾನೆ.

ರಾತ್ರಿ ಪಾಳಿ ಭತ್ಯೆ ಬೇರೆ ವಿಷಯ. ರಾತ್ರಿ ದುಡಿದರೆ ಇಷ್ಟು ಕೊಡಬೇಕು ಅಂತ ಫ್ಯಾಕ್ಟರಿ ಕಾಯ್ದೆಯಲ್ಲಿ ಇರಲಿಲ್ಲ. ನೇಮಕಾತಿ ಪತ್ರದಲ್ಲೋ ಒಪ್ಪಂದದಲ್ಲೋ ಇದ್ದರೆ ಮಾತ್ರ ಹಕ್ಕು. ಇವನ ಪತ್ರದಲ್ಲಿ ರಾತ್ರಿಗೆ 30 ರೂಪಾಯಿ ಇದೆ. ಶೀಟಿನಲ್ಲಿ "ರಾ" ಅಂತ ಗುರುತಿದ್ದ ಏಳು ರಾತ್ರಿಗೆ 210 ಕೊಟ್ಟಿದ್ದಾರೆ. ಆ ಮೂರು ರಾತ್ರಿಗೆ ಬರೀ ಹಾಜರಿ ಟಿಕ್ ಇದೆ. ಹಂಗಾಗಿ 90 ರೂಪಾಯಿ ಬಾಕಿ. ಎಲ್ಲಾ ಸೇರಿ 1,665.

ಸಣ್ಣ ಮೊತ್ತ ಅನಿಸಬಹುದು. ಅವನ ಎರಡೂವರೆ ದಿನಕ್ಕಿಂತ ಹೆಚ್ಚಿನ ಕೂಲಿ ಅದು, ಒಂದೇ ತಿಂಗಳದ್ದು. ನನ್ನ ತಕರಾರು ನಮ್ಮ ಸಂಘಟನೆಗಳ ಮೇಲೂ ಇದೆ. ಬಾಗಲಕೋಟೆಯಲ್ಲಿ ಡಿಸಿ ಆಫೀಸಿನ ಮುಂದೆ "ಓಟಿ ಕೊಡಿ" ಅಂತ ಕೂಗ್ತೀವಿ, ಮನವಿಯಲ್ಲಿ ತಾರೀಖೂ ಇರೋದಿಲ್ಲ, ತಾಸೂ ಇರೋದಿಲ್ಲ. ನಮ್ಮ ಮೊದಲ ಬೇಡಿಕೆ ಶೀಟಿನ ಬಗ್ಗೆ ಇರಬೇಕು: ಟಿಕ್ ಸಾಕಾಗೋದಿಲ್ಲ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡೂ ಬರೀರಿ.

ಇವನ ಕೇಸಿನಲ್ಲಿ ನಿಂತ ಸಾಕ್ಷಿ ಗೇಟ್ ರಿಜಿಸ್ಟರ್. 10ರ ಮಧ್ಯಾಹ್ನ ಒಳಗೆ, 11ರ ಬೆಳಗ್ಗೆ ಹೊರಗೆ, ನಡುವೆ ಯಾವ ಎಂಟ್ರಿಯೂ ಇಲ್ಲ. ಅದರ ಫೋಟೋ, ಶೀಟು, ಪೇಸ್ಲಿಪ್ ಮೂರನ್ನೂ ಹಚ್ಚಿ ಮೊದಲು ಮ್ಯಾನೇಜ್‌ಮೆಂಟಿಗೆ ಬರೆದಿದ್ದೇವೆ. ಕೊಡದಿದ್ದರೆ 2025ರ ನವೆಂಬರ್ ತನಕ ಜಾರಿಯಲ್ಲಿದ್ದ ವೇತನ ಪಾವತಿ ಕಾಯ್ದೆ ಕಲಂ 15ರ ಕೆಳಗೆ ಅರ್ಜಿ ಹಾಕಬಹುದಿತ್ತು. ಅದಕ್ಕೆ ಪಗಾರ ಬರಬೇಕಿದ್ದ ದಿನದಿಂದ ಹನ್ನೆರಡು ತಿಂಗಳ ಗಡುವು ಇತ್ತು. ಇಳಕಲ್, ಬಾದಾಮಿ ಕಡೆಯವರು ಯಾರಾದರೂ ಹಿಂಗೇ ಡಬಲ್ ಡ್ಯೂಟಿ ಮಾಡಿ ಮರುದಿನ "ಹಾಜರಿ ರಜೆ" ತಗೊಂಡಿದ್ರೆ, ಹಳೇ ಪೇಸ್ಲಿಪ್ ಹರೀಬ್ಯಾಡ್ರಿ, ಇನ್‌ಬಾಕ್ಸಿಗೆ ಕಳಸ್ರಿ. ಕೂತು ನೋಡೋಣ.